ಹಳ್ಳದ ದಂಡೆಗೆ ಗೇಬಿಯನ್ ಗೋಡೆ: ಕಲ್ಲಿನ ಲೆಕ್ಕ, ಜಾಲರಿಯ ಲೆಕ್ಕ

ಗೇಬಿಯನ್ ಎಂದರೆ ಸತುವು ಲೇಪಿಸಿದ ಉಕ್ಕಿನ ತಂತಿಯ ಜಾಲರಿಯಿಂದ ಮಾಡಿದ ಪೆಟ್ಟಿಗೆ. ಕಟ್ಟುವ ಜಾಗದಲ್ಲೇ ಅದನ್ನು ಬಿಡಿಸಿ ನಿಲ್ಲಿಸಿ, ಒಳಗೆ ಗಟ್ಟಿ ಕಲ್ಲನ್ನು ಜೋಡಿಸಿ, ಮುಚ್ಚಳ ಹೊಲಿದು, ಪಕ್ಕದ ಮತ್ತು ಮೇಲಿನ ಪೆಟ್ಟಿಗೆಗಳಿಗೆ ಬಿಗಿದರೆ ಗಾರೆ ಇಲ್ಲದ ಗೋಡೆ ಸಿದ್ಧವಾಗುತ್ತದೆ. ನೀರು ಅದರೊಳಗೆ ಹಾದು ಹೋಗುವುದರಿಂದ ಗೋಡೆಯ ಹಿಂದೆ ನೀರು ಕಟ್ಟಿಕೊಂಡು ತಳ್ಳುವ ಭಯ ಕಡಿಮೆ. ಅಡಿಯ ಮಣ್ಣು ಸ್ವಲ್ಪ ಕುಸಿದರೆ ಗೋಡೆ ಬಿರಿಯದೆ ತಾನೂ ಬಾಗಿ ಕೂರುತ್ತದೆ. ಇಟಲಿಯ ಬೊಲೋನ್ಯ ಬಳಿಯ ರೆನೊ ನದಿಯಲ್ಲಿ 1894ರ ಸುಮಾರಿಗೆ ಮಕ್ಕಾಫೆರ್ರಿ ಮನೆತನದವರು ತಂತಿ ಚೀಲಗಳಲ್ಲಿ ಕಲ್ಲು ತುಂಬಿ ಒಡ್ಡು ದುರಸ್ತಿ ಮಾಡಿದ್ದು ಇಂದಿನ ಗೇಬಿಯನ್ನಿನ ಆರಂಭ. ಭಾರತದಲ್ಲಿ ಪೆಟ್ಟಿಗೆಯ ಜಾಲರಿ, ತಂತಿ ಮತ್ತು ಲೇಪನದ ಗುಣಮಟ್ಟವನ್ನು ಐಎಸ್ 16014 ಹೇಳುತ್ತದೆ. ರಸ್ತೆ ಕೆಲಸಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2018ರಲ್ಲಿ ಪ್ರತ್ಯೇಕ ಮಾರ್ಗಸೂಚಿ ತಂದಿದೆ.

ಈ ಲೇಖನದ ಗಮನ ಒಂದೇ ವಿಷಯದ ಮೇಲಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಒಂದು ಸಾಧಾರಣ ಹಳ್ಳದ ದಂಡೆಗೆ ಇಂಥ ಗೋಡೆ ಕಟ್ಟುವಾಗ ಎಷ್ಟು ಕಲ್ಲು ತರಿಸಬೇಕು, ಎಷ್ಟು ಜಾಲರಿ ಬೇಕು ಎಂಬ ಲೆಕ್ಕ. ಅಂದಾಜುಪಟ್ಟಿಯಲ್ಲಿ ಹೆಚ್ಚಿನ ತಪ್ಪುಗಳು ಈ ಎರಡು ಅಂಕಿಗಳಲ್ಲೇ ಆಗುತ್ತವೆ. ಕಲ್ಲಿನ ತಪ್ಪು ಗೋಡೆಯನ್ನು ಹಗುರ ಮಾಡುತ್ತದೆ, ಜಾಲರಿಯ ತಪ್ಪು ಕೆಲಸವನ್ನು ಅರ್ಧಕ್ಕೆ ನಿಲ್ಲಿಸುತ್ತದೆ.

ಸೀಮೆಯ ಹಳ್ಳಗಳು

ಹಾವೇರಿ ಜಿಲ್ಲೆಯ ನೀರಿನ ಬಹುಪಾಲು ಕೊನೆಗೆ ತುಂಗಭದ್ರೆಗೆ ಸೇರುತ್ತದೆ. ಸಾಗರದ ಕಡೆಯಿಂದ ಬರುವ ವರದಾ ನದಿ ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ಕೂಡುತ್ತದೆ. ಮದಗ ಮಾಸೂರಿನ ಕೆರೆಯನ್ನು ಹಾದು ಬರುವ ಕುಮುದ್ವತಿ ರಾಣೆಬೆನ್ನೂರು ತಾಲ್ಲೂಕಿನ ಮುದೇನೂರಿನ ಬಳಿ ಕೂಡುತ್ತದೆ. ಇವುಗಳಿಗೆ ಬಂದು ಬೀಳುವ ನೂರಾರು ಹಳ್ಳಗಳು ವರ್ಷದ ಬಹುಪಾಲು ಒಣಗಿಯೇ ಇರುತ್ತವೆ. ಒಂದು ಜೋರು ಮಳೆಗೆ ಕೆಲವೇ ಗಂಟೆ ತುಂಬಿ ಹರಿದು, ಬಂದಷ್ಟೇ ಬೇಗ ಇಳಿಯುತ್ತವೆ. 2019ರ ಆಗಸ್ಟ್ ನೆರೆಯಲ್ಲಿ ವರದಾ ಮತ್ತು ಧರ್ಮಾ ನದಿಗಳ ಪಾತ್ರದಲ್ಲಿ ಆದ ಹಾನಿ ಜಿಲ್ಲೆಯವರಿಗೆ ನೆನಪಿದೆ. ಆದರೆ ಹೊಲದ ಅಂಚನ್ನು ವರ್ಷವರ್ಷವೂ ತಿನ್ನುವುದು ದೊಡ್ಡ ನದಿಗಿಂತ ಈ ಸಣ್ಣ ಹಳ್ಳಗಳೇ.

ದಂಡೆ ಕುಸಿಯುವ ಬಗೆಗೆ ಮಣ್ಣೇ ಕಾರಣ. ಮೆಣಸಿನಕಾಯಿ ಬೆಳೆಯುವ ಬ್ಯಾಡಗಿಯ ಎರೆ ಭೂಮಿ ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳೊಳಗೆ ಇಳಿಯುತ್ತದೆ, ಮಣ್ಣು ನೆನೆದು ಉಬ್ಬಿ ಭಾರವಾಗುತ್ತದೆ, ಕೆಳಗೆ ಹಳ್ಳದ ನೀರು ದಂಡೆಯ ಬುಡವನ್ನು ಕೊರೆದಿರುತ್ತದೆ. ಆಗ ದಂಡೆ ತೆಳುವಾಗಿ ಸವೆಯುವುದಿಲ್ಲ. ಗೋಡೆಯಷ್ಟು ದಪ್ಪದ ಹೆಂಟೆ ಒಮ್ಮೆಲೇ ಕಳಚಿ ಬೀಳುತ್ತದೆ. ಅದೂ ನೆರೆ ಏರಿದಾಗಲ್ಲ, ಇಳಿದ ಮೇಲೆ. ದಂಡೆಯೊಳಗಿನ ನೀರು ಇನ್ನೂ ಹೊರಬಂದಿರುವುದಿಲ್ಲ, ಎದುರಿಗೆ ಆನಿಸಿಕೊಂಡಿದ್ದ ಹಳ್ಳದ ನೀರು ಮಾತ್ರ ಹೋಗಿರುತ್ತದೆ. ಸಿಮೆಂಟ್ ಗೋಡೆ ಇಂಥ ಕಡೆ ಬಿರುಕು ಬಿಡುವುದಕ್ಕೂ, ನೀರು ಬಸಿಯುವ ಗೇಬಿಯನ್ ತಡೆದುಕೊಳ್ಳುವುದಕ್ಕೂ ಕಾರಣ ಇದೇ.

2001ರಿಂದ 2009ರವರೆಗೆ ವಿಶ್ವಬ್ಯಾಂಕ್ ನೆರವಿನಿಂದ ನಡೆದ ಸುಜಲ ಜಲಾನಯನ ಯೋಜನೆಗೆ ಆರಿಸಿದ ಐದು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಹಳ್ಳಕೊಳ್ಳಗಳ ಉಪಚಾರ ಅಲ್ಲಿಂದೀಚೆಗೆ ಈ ಭಾಗದ ರೈತರಿಗೆ ಪರಿಚಿತ ಕೆಲಸ. ಕಲ್ಲಿನ ತಡೆ, ನಾಲಾ ಬದು, ಚೆಕ್ ಡ್ಯಾಂ ಇವೆಲ್ಲ ನೀರನ್ನು ಅಡ್ಡಗಟ್ಟುವಂಥವು. ದಂಡೆಗುಂಟ ಕಟ್ಟುವ ಗೇಬಿಯನ್ ಗೋಡೆಯ ಲೆಕ್ಕವೇ ಬೇರೆ, ಏಕೆಂದರೆ ಅದು ನೀರಿನ ಜೊತೆಗೆ ಹಿಂದಿನ ಮಣ್ಣನ್ನೂ ಹೊರಬೇಕು.

ಗೋಡೆಯ ಆಕಾರ

ಲೆಕ್ಕಕ್ಕೆ ಒಂದು ಮಾದರಿ ಗೋಡೆ ಇಟ್ಟುಕೊಳ್ಳೋಣ. ಉದ್ದ 30 ಮೀಟರ್, ಎತ್ತರ 3 ಮೀಟರ್. ತಲಾ 1 ಮೀಟರ್ ಎತ್ತರದ ಮೂರು ವರಸೆ. ಕೆಳಗಿನ ವರಸೆಯ ಅಗಲ 2 ಮೀಟರ್, ನಡುವಿನದು 1.5, ಮೇಲಿನದು 1 ಮೀಟರ್. ಬೆನ್ನು ನೇರವಾಗಿದ್ದು, ಹಳ್ಳದ ಕಡೆಗೆ ಮೆಟ್ಟಿಲು. ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆಯಾಗಬಾರದು ಎಂಬುದು ರೂಢಿ; ಎರೆ ನೆಲದಲ್ಲಿ ಮೂರನೇ ಎರಡು ಭಾಗ ಇಟ್ಟುಕೊಳ್ಳುವುದು ಒಳ್ಳೆಯದು, ಇಲ್ಲಿ ಇಟ್ಟಿರುವುದೂ ಅಷ್ಟೇ.

ಈ ಗೋಡೆಯ ಮುಂದೆ ಹಳ್ಳದ ತಳದ ಮೇಲೆ 3 ಮೀಟರ್ ಅಗಲ, 30 ಸೆಂ.ಮೀ. ದಪ್ಪದ ಕಲ್ಲಿನ ಹಾಸು ಇರಬೇಕು. ಇದಕ್ಕೆ ಏಪ್ರನ್ ಎನ್ನುತ್ತಾರೆ. ನೀರು ತಳವನ್ನು ಕೊರೆದಾಗ ಹಾಸು ಬಾಗಿ ಗುಂಡಿಯೊಳಗೆ ಇಳಿದು ಗೋಡೆಯ ಬುಡವನ್ನು ಕಾಯುತ್ತದೆ. ಕೊರೆತದ ಆಳದ ಒಂದೂವರೆಯಿಂದ ಎರಡು ಪಟ್ಟು ಅಗಲ ಇಡುವುದು ವಾಡಿಕೆ, 1.5 ಮೀಟರ್ ಕೊರೆತವೆಂದು ಹಿಡಿದರೆ 3 ಮೀಟರ್ ಬರುತ್ತದೆ. ಕೊನೆಯದಾಗಿ, ಗೋಡೆಯ ಎರಡೂ ತುದಿಗಳನ್ನು 2 ಮೀಟರ್ ಒಳಗೆ ದಂಡೆಗೆ ತಿರುಗಿಸಿ ಹೂಳಬೇಕು. ಈ ತಿರುವನ್ನು ಉಳಿತಾಯದ ನೆಪದಲ್ಲಿ ಬಿಟ್ಟರೆ ನೀರು ಮೇಲ್ತುದಿಯಲ್ಲಿ ಗೋಡೆಯ ಹಿಂದಕ್ಕೆ ದಾರಿ ಮಾಡಿಕೊಳ್ಳುತ್ತದೆ. ಆಮೇಲೆ ಗೋಡೆ ಹಳ್ಳದ ನಡುವೆ ಒಂಟಿಯಾಗಿ ನಿಲ್ಲುತ್ತದೆ.

ಜಾಲರಿಯ ವಿಸ್ತೀರ್ಣ

ಮುಚ್ಚಿದ ಪೆಟ್ಟಿಗೆಗೆ ಆರು ಮುಖ. ಅದರ ಜೊತೆಗೆ ಉದ್ದನೆಯ ಪೆಟ್ಟಿಗೆಗಳಲ್ಲಿ ಕಲ್ಲು ಒಂದು ಕಡೆಗೆ ಸರಿಯದಂತೆ ಪ್ರತಿ ಮೀಟರಿಗೆ ಒಂದು ಜಾಲರಿಯ ಅಡ್ಡಗೋಡೆ ಇರುತ್ತದೆ. ಉದ್ದ L, ಅಗಲ W, ಎತ್ತರ H, ಅಡ್ಡಗೋಡೆಗಳ ಸಂಖ್ಯೆ n ಆದರೆ ಒಂದು ಪೆಟ್ಟಿಗೆಯ ಜಾಲರಿ ಹೀಗೆ:

```
A = 2(LW + LH + WH) + n × W × H
```

2 × 1 × 1 ಮೀಟರಿನ ಪೆಟ್ಟಿಗೆಗೆ ಆರು ಮುಖಗಳಿಂದ 10, ಒಂದು ಅಡ್ಡಗೋಡೆಯಿಂದ 1, ಒಟ್ಟು 11 ಚದರ ಮೀಟರ್. 1.5 × 1 × 1ರ ಪೆಟ್ಟಿಗೆಗೆ ಅಡ್ಡಗೋಡೆ ಇಲ್ಲದೆ 8. 3 × 1 × 1ರದಕ್ಕೆ ಎರಡು ಅಡ್ಡಗೋಡೆ ಸೇರಿ 16.

ನಮ್ಮ ಗೋಡೆಯ ಕೆಳ ವರಸೆಯಲ್ಲಿ 2 ಮೀಟರಿನ ಪೆಟ್ಟಿಗೆಗಳನ್ನು ಹರಿವಿಗೆ ಅಡ್ಡವಾಗಿ, ಅಂದರೆ ಉದ್ದನೆಯ ಬದಿ ದಂಡೆಯೊಳಕ್ಕೆ ಹೋಗುವಂತೆ ಇಡುತ್ತೇವೆ. ಹೀಗೆ ಇಟ್ಟರೆ ಮುಂದಿನ ಕಲ್ಲಿಗೂ ಹಿಂದಿನ ಕಲ್ಲಿಗೂ ಒಂದೇ ಜಾಲರಿಯ ಹಿಡಿತ ಸಿಗುತ್ತದೆ. ಇಂಥವು 30 ಪೆಟ್ಟಿಗೆ, 330 ಚದರ ಮೀಟರ್. ನಡುವಿನ ವರಸೆಯಲ್ಲಿ 1.5 ಮೀಟರಿನವು 30, ಅವುಗಳಿಗೆ 240. ಮೇಲಿನ ವರಸೆಗೆ 3 ಮೀಟರಿನ 10 ಪೆಟ್ಟಿಗೆಗಳನ್ನು ದಂಡೆಗುಂಟ ಉದ್ದಕ್ಕೆ ಇಟ್ಟರೆ 160. ಗೋಡೆಗೆ ಒಟ್ಟು 730 ಚದರ ಮೀಟರ್.

ತಪ್ಪು ನುಸುಳುವುದು ಇಲ್ಲಿಯೇ. ಕೆಲವರು ಕೆಳ ವರಸೆಯನ್ನು 30 × 2 × 1ರ ಒಂದೇ ದಿಮ್ಮಿಯೆಂದು ಭಾವಿಸಿ ಹೊರಮೈಯನ್ನಷ್ಟೇ ಅಳೆಯುತ್ತಾರೆ. ಹಾಗೆ ಅಳೆದರೆ ಬರುವುದು 184 ಚದರ ಮೀಟರ್. ನಿಜವಾಗಿ ಬೇಕಾದದ್ದು 330. ಒಂದಕ್ಕೊಂದು ತಾಗಿದ ಎರಡು ಪೆಟ್ಟಿಗೆಗಳ ನಡುವೆ ಎರಡು ಜಾಲರಿ ಇರುತ್ತವೆ, ಒಳಗಿನ ಅಡ್ಡಗೋಡೆಗಳು ಬೇರೆ. ಹೊರಗೆ ನಿಂತು ನೋಡುವವರಿಗೆ ಇವು ಯಾವುವೂ ಕಾಣುವುದಿಲ್ಲ. ಒಂದೇ ವರಸೆಯಲ್ಲಿ 146 ಚದರ ಮೀಟರ್ ಕೊರತೆ ಬಿದ್ದರೆ ಕೆಲಸಗಾರರು ಪಕ್ಕದ ಪೆಟ್ಟಿಗೆಯ ಬದಿಯನ್ನೇ ಹಂಚಿಕೊಂಡು ಕಟ್ಟತೊಡಗುತ್ತಾರೆ. ಆಗ ಒಂದು ಕಡೆ ತಂತಿ ಹರಿದರೆ ಎರಡು ಪೆಟ್ಟಿಗೆಯ ಕಲ್ಲೂ ಸುರಿಯುತ್ತದೆ.

ತುದಿಗಳ ತಿರುವಿಗೆ ಪ್ರತಿ ಕಡೆ ಪ್ರತಿ ವರಸೆಯಲ್ಲಿ 2 ಮೀಟರಿನ ಒಂದೊಂದು ಪೆಟ್ಟಿಗೆ, ಎರಡೂ ಕಡೆ ಸೇರಿ ಆರು: 66 ಚದರ ಮೀಟರ್. ಏಪ್ರನ್ನಿಗೆ 3 × 2 × 0.3ರ ಚಪ್ಪಟೆ ಪೆಟ್ಟಿಗೆಗಳು 15. ಒಂದೊಂದರ ಆರು ಮುಖಕ್ಕೆ 15, ಎರಡು ಅಡ್ಡಗೋಡೆಗೆ 1.2, ಅಂದರೆ 16.2, ಒಟ್ಟು 243. ಎಲ್ಲ ಕೂಡಿದರೆ 1,039 ಚದರ ಮೀಟರ್. ಕಾರ್ಖಾನೆಯ ಸಿದ್ಧ ಪೆಟ್ಟಿಗೆ ತರಿಸಿದರೆ ಎಣಿಕೆಯೇ ಸಾಕು. ಸುರುಳಿ ಜಾಲರಿ ತಂದು ಸ್ಥಳದಲ್ಲೇ ಕತ್ತರಿಸುವುದಾದರೆ ಪೋಲಿಗೆ 5% ಸೇರಿಸಿ ಸುಮಾರು 1,090 ಎಂದು ಬರೆಯಬೇಕು. ಕತ್ತರಿಸಿದ ಅಂಚಿಗೆ ದಪ್ಪ ತಂತಿ ಸುತ್ತುವ ಕೆಲಸ ಕೈಯಲ್ಲಿ ಅಚ್ಚುಕಟ್ಟಾಗಿ ಆಗುವುದು ಕಷ್ಟವಾದ್ದರಿಂದ ಸಿದ್ಧ ಪೆಟ್ಟಿಗೆಯೇ ಮೇಲು.

ಪೆಟ್ಟಿಗೆ ತೆಳುವಾದಷ್ಟೂ ಜಾಲರಿ ಹೆಚ್ಚು ತಿನ್ನುತ್ತದೆ. ಒಂದು ಘನ ಮೀಟರ್ ಕಲ್ಲನ್ನು ಹಿಡಿಯಲು ಗೋಡೆಯ ಪೆಟ್ಟಿಗೆಗಳಿಗೆ ಸರಾಸರಿ 5.4 ಚದರ ಮೀಟರ್ ಸಾಕಾದರೆ, ಅರ್ಧ ಮೀಟರ್ ಎತ್ತರದ 2 × 1 × 0.5ರ ಪೆಟ್ಟಿಗೆಗೆ 7.5 ಬೇಕು, ಏಪ್ರನ್ನಿಗೆ 9. ದರಪಟ್ಟಿಯ ಒಂದೇ ಘನ ಮೀಟರ್ ದರವನ್ನು ಗೋಡೆಗೂ ಹಾಸಿಗೂ ಹಚ್ಚಿದರೆ ಹಾಸಿನಲ್ಲಿ ಗುತ್ತಿಗೆದಾರನಿಗೆ ನಷ್ಟ. ಮುಂದೆ ಕಳಪೆ ಜಾಲರಿ ಬರುವುದು ಹೆಚ್ಚಾಗಿ ಹಾಸಿಗೇ. ಅಂದಾಜಿನಲ್ಲೇ ಎರಡನ್ನೂ ಬೇರೆ ಬೇರೆ ತೋರಿಸುವುದು ನ್ಯಾಯ.

ಜಾಲರಿಯ ತಂತಿ 2.7 ಮಿ.ಮೀ., ಅಂಚಿನದು 3.4 ಮಿ.ಮೀ., ಹೊಲಿಯುವುದು 2.2 ಮಿ.ಮೀ. ಹೆಣಿಗೆ ಆರು ಮೂಲೆಯದಾಗಿದ್ದು, ತಂತಿಗಳು ಒಂದಕ್ಕೊಂದು ಎರಡು ಸುತ್ತು ಹೊಸೆದುಕೊಂಡಿರಬೇಕು. ಒಂದು ತಂತಿ ತುಂಡಾದರೂ ಕಣ್ಣು ಸರಸರನೆ ಬಿಚ್ಚಿಕೊಳ್ಳದಿರುವುದು ಈ ಹೊಸೆತದಿಂದ. ಬೇಲಿಗೆ ಬಳಸುವ ಚೌಕಳಿ ಜಾಲರಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರಲ್ಲಿ ಒಂದು ತಂತಿ ಹೋದರೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ. ಹೊಲಿಯುವ ತಂತಿಯನ್ನು ಹೊಲಿಯಬೇಕಾದ ಅಂಚಿನ ಒಂದೂವರೆ ಪಟ್ಟು ಉದ್ದಕ್ಕೆ ತುಂಡರಿಸಿಕೊಂಡು, 10 ಸೆಂ.ಮೀ.ಗೊಮ್ಮೆ ಒಂದು ಸುತ್ತು, ಮರುಸಲ ಎರಡು ಸುತ್ತು ಹಾಕುತ್ತ ಹೋಗಬೇಕು.

ಕಲ್ಲಿನ ಲೆಕ್ಕ

ಪೆಟ್ಟಿಗೆಗಳ ಒಳಗಾತ್ರ ಸುಲಭ. ಕೆಳ ವರಸೆ 60, ನಡುವಿನದು 45, ಮೇಲಿನದು 30. ಗೋಡೆ 135 ಘನ ಮೀಟರ್. ತಿರುವುಗಳು 12, ಏಪ್ರನ್ 27. ಒಟ್ಟು 174 ಘನ ಮೀಟರ್. ಆದರೆ ಇದು ಪೆಟ್ಟಿಗೆಯ ಅಳತೆ, ಕಲ್ಲಿನದಲ್ಲ. ಕಲ್ಲಿನ ನಡುವೆ ಸಂದುಗಳಿರುತ್ತವೆ. ಕೈಯಿಂದ ಜೋಡಿಸಿ ತುಂಬಿದ ಪೆಟ್ಟಿಗೆಯಲ್ಲಿ ಸಂದು 30ರಿಂದ 40%. ನಡುವಿನ 35% ಹಿಡಿದರೆ ನಿಜವಾದ ಕಲ್ಲು 113 ಘನ ಮೀಟರ್. ಗ್ರಾನೈಟ್ ಅಥವಾ ನೈಸ್ ಕಲ್ಲಿನ ಸಾಂದ್ರತೆ 2.65 ಎಂದರೆ ತೂಕ ಸರಿಸುಮಾರು 300 ಟನ್.

ಇದೇ ಕಲ್ಲು ಟಿಪ್ಪರಿನಿಂದ ಸುರಿದು ರಾಶಿಯಾದಾಗ ಇನ್ನೂ ಸಡಿಲವಾಗಿರುತ್ತದೆ. ರಾಶಿಯಲ್ಲಿ ಸಂದು 42% ಎಂದಿಟ್ಟುಕೊಂಡರೆ 113 ಘನ ಮೀಟರ್ ಗಟ್ಟಿ ಕಲ್ಲು 195 ಘನ ಮೀಟರ್ ರಾಶಿಯಾಗುತ್ತದೆ. ಚೂರು, ಉದುರು, ಅಳತೆಗೆ ಬಾರದ ಕಲ್ಲು, ಮುಚ್ಚಳ ಹಾಕುವ ಮುಂಚೆ ಸ್ವಲ್ಪ ಏರಿಸಿ ತುಂಬುವುದು, ಇವಕ್ಕೆಲ್ಲ 5% ಸೇರಿಸಿದರೆ 205 ಘನ ಮೀಟರ್. ಈ ಭಾಗದಲ್ಲಿ ಕಲ್ಲು ಖಡಿಯ ವ್ಯವಹಾರ ಬ್ರಾಸ್ ಲೆಕ್ಕದಲ್ಲಿ. ಬ್ರಾಸ್ ಎಂದರೆ 100 ಘನ ಅಡಿ, 2.83 ಘನ ಮೀಟರ್. ಹಾಗಾಗಿ ತರಿಸಬೇಕಾದದ್ದು 72ರಿಂದ 73 ಬ್ರಾಸ್. 174ನ್ನೇ ಬ್ರಾಸಿಗೆ ತಿರುಗಿಸಿ 61 ಎಂದು ಬರೆದವರಿಗೆ ಮೇಲಿನ ವರಸೆಗೆ ಬರುವ ಹೊತ್ತಿಗೆ ಕಲ್ಲು ಮುಗಿದಿರುತ್ತದೆ.

ಅಳತೆಗಿಂತ ತೂಕ ಹೆಚ್ಚು ನಂಬಿಕೆಯದು. ಟಿಪ್ಪರನ್ನು ತೂಕದ ಕಟ್ಟೆಯ ಮೇಲೆ ತಂದರೆ ರಾಶಿ ಸಡಿಲವೋ ಬಿಗಿಯೋ ಎಂಬ ವಾದವೇ ಇರುವುದಿಲ್ಲ. ತೂಕದ ಚೀಟಿ ಕೈಯಲ್ಲಿದ್ದರೆ ಗೋಡೆ ಎಷ್ಟು ಬಿಗಿಯಾಗಿ ತುಂಬಿದೆ ಎಂಬುದನ್ನೂ ಅಳೆಯಬಹುದು. 16 ಟನ್ ಕಲ್ಲು ಹೊತ್ತ ಒಂದು ಟಿಪ್ಪರನ್ನು ಬೇರೆ ಮಾಡಿ ನಿಲ್ಲಿಸಿ, ಅದರ ಕಲ್ಲನ್ನಷ್ಟೇ 2 ಮೀಟರಿನ ಪೆಟ್ಟಿಗೆಗಳಿಗೆ ತುಂಬಿಸಬೇಕು. ಚೆನ್ನಾಗಿ ಜೋಡಿಸಿದರೆ ನಾಲ್ಕು ಪೆಟ್ಟಿಗೆ ತುಂಬಿ ಐದನೆಯದರ ಮೂರನೇ ಎರಡು ಭಾಗಕ್ಕೆ ಮುಗಿಯುತ್ತದೆ. ಸಂದು ಅಲ್ಲಿಗೆ 35%. ಅದೇ ಕಲ್ಲು ಐದನೆಯದನ್ನೂ ಪೂರ್ತಿ ತುಂಬಿಬಿಟ್ಟರೆ ಸಂದು 40% ಮುಟ್ಟಿದೆ, ಜೋಡಿಸುವ ಬದಲು ಸುರಿದಿದ್ದಾರೆ ಎಂದರ್ಥ. 30ಕ್ಕೂ 40ಕ್ಕೂ ನಡುವೆ ನಮ್ಮ ಗೋಡೆಯಲ್ಲಿ 46 ಟನ್ ವ್ಯತ್ಯಾಸ, ಅಂದರೆ ಮೂರು ಟಿಪ್ಪರ್. ಹಣವನ್ನು ಪೆಟ್ಟಿಗೆಯ ಘನ ಅಳತೆಗೆ ಕೊಡುವುದರಿಂದ ಸಡಿಲ ತುಂಬಿದವರಿಗೇ ಲಾಭ. ಅದಕ್ಕಾಗಿ ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿಸುವುದು ಒಳ್ಳೆಯದು.

ಗೋಡೆಯ ಬಲ ಅದರ ತೂಕದಲ್ಲೇ ಇದೆ. 35% ಸಂದಿನ ಗೇಬಿಯನ್ ಘನ ಮೀಟರಿಗೆ 1.72 ಟನ್ ತೂಗುತ್ತದೆ. ನಮ್ಮ ಗೋಡೆಯ ಒಂದು ಮೀಟರ್ ಉದ್ದದಲ್ಲಿ 4.5 ಘನ ಮೀಟರ್, ತೂಕ 7.75 ಟನ್. ಹಿಂದೆ ಗರಸು ತುಂಬಿದರೆ ಅದು ತಳ್ಳುವ ಬಲ ಸುಮಾರು 2.7 ಟನ್. ಗೋಡೆ ಮಗುಚಿ ಬೀಳುವುದರ ವಿರುದ್ಧ ಮೂರು ಪಟ್ಟಿಗೂ ಮೀರಿದ ಭದ್ರತೆ ಇದೆ. ಜಾರುವುದರ ವಿರುದ್ಧ, ಬುಡದ ಘರ್ಷಣೆಯನ್ನು ತೂಕದ ಅರ್ಧವೆಂದು ಹಿಡಿದರೆ, ಸಿಗುವುದು 1.44 ಪಟ್ಟು ಮಾತ್ರ. ಕನಿಷ್ಠ ಬೇಕಾದದ್ದು 1.5. ಕೆಳ ವರಸೆಯನ್ನು ಹಳ್ಳದ ತಳದಿಂದ ಅರ್ಧ ಮೀಟರ್ ಕೆಳಗೆ ಕೂರಿಸಿ, ಇಡೀ ಗೋಡೆಯನ್ನು ಹತ್ತಕ್ಕೆ ಒಂದರಷ್ಟು ದಂಡೆಯ ಕಡೆಗೆ ಒರಗಿಸುವುದು ಈ ಕೊರತೆ ತುಂಬಲು. ಸಂದು 40% ಆದರೆ ತೂಕ ಇನ್ನೂ ಇಳಿದು ಜಾರುವ ಭದ್ರತೆ 1.33ರ ಹತ್ತಿರಕ್ಕೆ ಬರುತ್ತದೆ. ಸುರಿದು ತುಂಬಿದ ಗೋಡೆ ಹೊರನೋಟಕ್ಕೆ ಸರಿಯಿದ್ದೂ ಮುಂದಕ್ಕೆ ಸರಿಯುವುದು ಹೀಗೆ.

ಯಾವ ಕಲ್ಲು

ಜಾಲರಿಯ ಕಣ್ಣು 10 ಸೆಂ.ಮೀ. ಇದ್ದರೆ ಕಲ್ಲು 15ರಿಂದ 25 ಸೆಂ.ಮೀ. ಇರಬೇಕು. ಏಪ್ರನ್ನಿನ ಜಾಲರಿಯ ಕಣ್ಣು 6 ಸೆಂ.ಮೀ., ಅದಕ್ಕೆ 10ರಿಂದ 15 ಸೆಂ.ಮೀ. ಕಲ್ಲು. ದೊಡ್ಡ ಕಲ್ಲು ಬೇಗ ತುಂಬುತ್ತದೆಯೆಂದು ಅರ್ಧ ಮೀಟರಿನ ದಿಮ್ಮಿಗಳನ್ನು ಹಾಕಿದರೆ ಸಂದು ಹೆಚ್ಚುತ್ತದೆ, ಪೆಟ್ಟಿಗೆ ಬಾಗುವ ಗುಣ ಕಳೆದುಕೊಳ್ಳುತ್ತದೆ.

ರಾಣೆಬೆನ್ನೂರು ಸುತ್ತಲಿನ ನೆಲ ಧಾರವಾಡ ಶಿಲಾಸಮೂಹದ್ದು. ಇಲ್ಲಿಯ ಗ್ರೇವ್ಯಾಕ್ ಶಿಲೆಗಳಿಗೆ ಭೂವಿಜ್ಞಾನಿಗಳು ಊರಿನ ಹೆಸರನ್ನೇ ಇಟ್ಟಿದ್ದಾರೆ. ಗಟ್ಟಿ ಪದರದ ಗ್ರೇವ್ಯಾಕ್ ಒಳ್ಳೆಯ ಕಲ್ಲು. ಆದರೆ ಅದರ ಜೊತೆಗೇ ಬರುವ ಪದರುಗಲ್ಲು ಹಲಗೆ ಹಲಗೆಯಾಗಿ ಸೀಳುತ್ತದೆ. ಹೊಲ ಅಗೆದಾಗ ಸಿಗುವ ಇಂಥ ಚಪ್ಪಡಿಗಳನ್ನು ತುಂಬಿದರೆ ಎರಡು ಮೂರು ಮಳೆಗಾಲದಲ್ಲಿ ಅವು ಚೂರಾಗಿ ಜಾಲರಿಯ ಕಣ್ಣಿನಿಂದ ಉದುರುತ್ತವೆ. ಮೇಲಿನ ಮುಚ್ಚಳ ಸಡಿಲವಾಗಿ ತೂಗಾಡತೊಡಗುತ್ತದೆ. ಸುತ್ತಿಗೆಯಿಂದ ಬಡಿದಾಗ ಗಣ್ ಎನ್ನುವ ಕಲ್ಲು ಬೇಕು. ಮಂದ ಸದ್ದು ಬಂದರೆ ಅಥವಾ ಏಟಿಗೆ ಪದರ ಎದ್ದರೆ ಬಿಡಬೇಕು. ಕೆಲವು ಕಲ್ಲನ್ನು ರಾತ್ರಿ ನೀರಲ್ಲಿ ನೆನೆಹಾಕಿ ಬೆಳಗ್ಗೆ ಬಿಸಿಲಿಗೆ ಒಣಗಿಸಿ ಹೀಗೆ ಒಂದು ವಾರ ಮಾಡಿದರೆ ಮೆತ್ತಗಿನ ಕಲ್ಲು ತಾನೇ ಬಾಯಿಬಿಡುತ್ತದೆ. ಕ್ವಾರಿಯ ಗ್ರಾನೈಟ್ ದುಬಾರಿಯಾದರೂ ಮುಂಭಾಗಕ್ಕೆ ಅದನ್ನಿಟ್ಟು, ಹೊಲದ ಗಟ್ಟಿ ಗುಂಡುಗಳನ್ನು ಒಳಭಾಗಕ್ಕೆ ತುಂಬಬಹುದು.

ತುಂಬುವುದು ಮೂರು ಹಂತದಲ್ಲಿ. ಪೆಟ್ಟಿಗೆಯ ಮೂರನೇ ಒಂದು ಭಾಗ ತುಂಬಿದ ಮೇಲೆ ಮುಂದಿನ ಜಾಲರಿಯನ್ನು ಹಿಂದಿನದಕ್ಕೆ ತಂತಿಯಿಂದ ಎಳೆದು ಕಟ್ಟಬೇಕು. ಮೂರನೇ ಎರಡು ಭಾಗಕ್ಕೆ ಮತ್ತೊಮ್ಮೆ. ಈ ಎಳೆತಂತಿ ಬಿಟ್ಟ ಪೆಟ್ಟಿಗೆ ಹೊಟ್ಟೆ ಉಬ್ಬಿಸುತ್ತದೆ. ದಾರ ಕಟ್ಟಿ ನೋಡಿದರೆ ಉಬ್ಬು ತಿಳಿಯುತ್ತದೆ, ಆದರೆ ಮುಚ್ಚಳ ಹಾಕಿದ ಮೇಲೆ ಅದನ್ನು ಸರಿಮಾಡುವ ದಾರಿ ಕಲ್ಲು ತೆಗೆಯುವುದೊಂದೇ. ಕೊನೆಗೆ 2.5ರಿಂದ 5 ಸೆಂ.ಮೀ. ಏರಿಸಿ ತುಂಬಿ ಮುಚ್ಚಳ ಎಳೆದು ಹೊಲಿಯುತ್ತಾರೆ, ಕಲ್ಲು ಆಮೇಲೆ ಕೂರುತ್ತದೆ.

ಗೋಡೆಯ ಹಿಂದೆ

ಗೋಡೆ ಎಷ್ಟೇ ಚೆನ್ನಾಗಿದ್ದರೂ ಹಿಂದೆ ಅಗೆದ ಎರೆ ಮಣ್ಣನ್ನೇ ಮರಳಿ ತುಂಬಿದರೆ ಅದು ಪ್ರತಿ ಮಳೆಗೆ ಉಬ್ಬಿ ಗೋಡೆಯನ್ನು ನೂಕುತ್ತದೆ, ಮೇಲಿನ 2.7 ಟನ್ನಿನ ಲೆಕ್ಕ ಗರಸಿಗೆ ಮಾತ್ರ. ಎರೆಯ ಸಣ್ಣ ಕಣ ನೀರಿನೊಂದಿಗೆ ಕಲ್ಲಿನ ಸಂದಿಯಲ್ಲಿ ಹರಿದು ಹೋಗಿ ಹಿಂದೆ ಪೊಳ್ಳಾಗುವುದು ಇನ್ನೊಂದು ಅಪಾಯ. ಅದಕ್ಕಾಗಿ ಬೆನ್ನಿಗೆ, ಬುಡಕ್ಕೆ, ಏಪ್ರನ್ನಿನ ಅಡಿಗೆ ಸೋಸುವ ಬಟ್ಟೆ ಹಾಸುತ್ತಾರೆ. ನಮ್ಮ ಗೋಡೆಗೆ ಬೆನ್ನು 90, ಬುಡ 60, ಏಪ್ರನ್ 90, ಒಟ್ಟು 240 ಚದರ ಮೀಟರ್. ಒಂದರ ಮೇಲೊಂದು 30 ಸೆಂ.ಮೀ. ಬರುವಂತೆ ಹಾಸಲು 270 ತರಿಸಬೇಕು. ಬರೀ ಬಟ್ಟೆಯ ಮೇಲೆ ಎರೆ ಮಣ್ಣು ನೇರವಾಗಿ ತಾಗಿದರೆ ಅದರ ರಂಧ್ರಗಳು ಜೇಡಿಗೆ ಮುಚ್ಚಿಹೋಗುತ್ತವೆ. ನಡುವೆ ಒಂದು ಅಡಿ ಗರಸು ಇರಲೇಬೇಕು. ಗೋಡೆಯ ಹಿಂದಿನ ನೆಲದಲ್ಲಿ ಗೋಡೆಗುಂಟ ಉದ್ದ ಬಿರುಕು ಅಥವಾ ಗುಳಿ ಕಂಡರೆ ಒಳಗಿನ ಮಣ್ಣು ಹೋಗುತ್ತಿದೆ ಎಂದು ತಿಳಿಯಬೇಕು.

ಗೇಬಿಯನ್ ಎಲ್ಲ ದಂಡೆಗೂ ಅಲ್ಲ. ಒಂದು ಮೀಟರಿಗಿಂತ ತಗ್ಗಿನ ದಂಡೆಗೆ ಇಳಿಜಾರು ಮಾಡಿ ಕಲ್ಲು ಹಾಸಿ ಲಾವಂಚ ನೆಟ್ಟರೆ ಸಾಕು, ಖರ್ಚು ಬಹಳ ಕಡಿಮೆ. ಮರಳು ತೆಗೆದು ತಳ ವರ್ಷವರ್ಷ ಇಳಿಯುತ್ತಿರುವ ಹಳ್ಳದಲ್ಲಿ ಎಷ್ಟು ಅಗಲದ ಏಪ್ರನ್ ಇಟ್ಟರೂ ಅದು ಕೊನೆಗೆ ನೇತಾಡುತ್ತದೆ. ಅಲ್ಲಿ ಮೊದಲು ಕೆಳಗಡೆ ಅಡ್ಡ ಒಡ್ಡು ಹಾಕಿ ತಳ ನಿಲ್ಲಿಸಬೇಕು. ಉರುಳುಗಲ್ಲು ಹೊತ್ತು ತರುವ ಹಳ್ಳದಲ್ಲಿ ಕಲ್ಲಿನ ಉಜ್ಜುವಿಕೆಗೆ ಸತುವು ಬೇಗ ಸವೆದು, ಮೊದಲು ಕೆಳ ವರಸೆಯ ಮುಂಭಾಗದಲ್ಲಿ ಕಂದು ಬಣ್ಣ ಕಾಣಿಸಿಕೊಳ್ಳುತ್ತದೆ. ಅಲ್ಲಿ ಪ್ಲಾಸ್ಟಿಕ್ ಹೊದಿಕೆಯ ತಂತಿ ಹಾಕಿದರೂ ಹೊದಿಕೆ ಕಿತ್ತುಬರುವುದರಿಂದ, ಮುಂಭಾಗಕ್ಕಷ್ಟೇ ಎರಡನೇ ಜಾಲರಿ ಹೊದಿಸುವುದುಂಟು: ನಮ್ಮ ಗೋಡೆಯ ಕೆಳ ವರಸೆಗೆ ಇನ್ನು 30 ಚದರ ಮೀಟರ್.